ಅಲಾಯ್ ವೀಲ್ ಮೇಲಿನ ಬ್ರೇಕ್ ಧೂಳು: ಆಸಿಡ್ ಮುಟ್ಟದೆ ತೆಗೆಯುವುದು ಹೇಗೆ?

ಚಾರ್ಮಾಡಿ ಘಾಟಿ ಇಳಿದು ಬಂದ ಕಾರಿನ ಚಕ್ರಗಳನ್ನು ಒಮ್ಮೆ ನೋಡಿ. ಮುಂದಿನ ಎರಡು ಅಲಾಯ್‌ಗಳ ಮೇಲೆ ಕಂದುಗಪ್ಪು ಪುಡಿ ಕೂತಿರುತ್ತದೆ. ಹಿಂದಿನವು ರಸ್ತೆಯ ಕೆಂಪು ಮಣ್ಣು ಬಿಟ್ಟರೆ ಹೆಚ್ಚುಕಡಿಮೆ ಚೆನ್ನಾಗೇ ಇರುತ್ತವೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಾಗಾಗಿ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಬ್ರೇಕು. ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಸಾಮಾನ್ಯವಾಗಿ ಡ್ರಮ್ ಬ್ರೇಕ್. ಅದರ ಪುಡಿ ಬಹುಪಾಲು ಡ್ರಮ್ಮಿನ ಒಳಗೇ ಉಳಿದುಬಿಡುತ್ತದೆ.

ಮುಂದಿನ ಚಕ್ರದ ಆ ಪುಡಿ ಮಾಮೂಲಿ ಧೂಳಲ್ಲ. ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದು. ಪ್ಯಾಡ್‌ನಲ್ಲಿ ರಾಳ, ನಾರು, ಲೋಹದ ಚೂರು ಎಲ್ಲವೂ ಇರುತ್ತದೆ. ಎರಡೂ ಉಜ್ಜಿಕೊಂಡಾಗ ಉದುರುವ ಕಬ್ಬಿಣದ ಕಣಗಳು ಬಿಸಿಯಾಗಿರುತ್ತವೆ. ಹಾರಿ ಬಂದು ಚಕ್ರದ ಬಣ್ಣದ ಮೇಲೆ ಅಂಟಿಕೊಳ್ಳುತ್ತವೆ. ಆಮೇಲೆ ಮಳೆಯೋ ಇಬ್ಬನಿಯೋ ತಾಗಿದರೆ ಅಲ್ಲೇ ತುಕ್ಕು ಹಿಡಿಯುತ್ತವೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಅಲಾಯ್ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕೆಗಳು ಕಂಡರೆ ಅವು ಇವೇ. ತೊಳೆದ ಮೇಲೂ ಬೆರಳಾಡಿಸಿದರೆ ತರಿತರಿ ಎನ್ನುತ್ತದೆ. ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಸೋಪು ಜಿಡ್ಡು ಬಿಡಿಸುತ್ತದೆ, ತುಕ್ಕನ್ನು ಕರಗಿಸುವುದಿಲ್ಲ.

ಇಲ್ಲಿಗೆ ಬಂದಾಗಲೇ ಜನ ಆಸಿಡ್ ಬಾಟಲಿಗೆ ಕೈ ಹಾಕುವುದು.

ಮೊದಲು ನಿಮ್ಮ ಚಕ್ರ ಯಾವುದು ಅಂತ ತಿಳಿದುಕೊಳ್ಳಿ

ಅಲಾಯ್ ವೀಲ್ ಎಂದರೆ ಅಲ್ಯೂಮಿನಿಯಂ ಮಿಶ್ರಲೋಹ. ಆದರೆ ನೀವು ಕೈಯಿಂದ ಮುಟ್ಟುವುದು ಸಾಮಾನ್ಯವಾಗಿ ಲೋಹವನ್ನಲ್ಲ. ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಬ್ರೇಕ್ ಧೂಳು ಕೂತಿರುವುದು ಈ ಕ್ಲಿಯರ್ ಕೋಟ್ ಮೇಲೆ. ನಾವು ಬಳಸುವ ದ್ರವ ಧೂಳನ್ನು ತೆಗೆಯಬೇಕು, ಕೋಟನ್ನು ಬಿಡಬೇಕು. ವಿಷಯ ಇಷ್ಟೇ.

ಈಗ ಹಲವು ಟಾಪ್ ಮಾಡೆಲ್‌ಗಳಲ್ಲಿ ಬರುವ ಡೈಮಂಡ್ ಕಟ್ ಅಲಾಯ್ ಸ್ವಲ್ಪ ಬೇರೆ. ಅದರ ಮುಖವನ್ನು ಲೇತ್ ಮೇಲೆ ಕೆತ್ತಿ ಹೊಳಪು ಬರಿಸಿರುತ್ತಾರೆ. ಹೊಳೆಯುವ ಭಾಗದಲ್ಲಿ ಪ್ರೈಮರೂ ಇಲ್ಲ, ಬಣ್ಣವೂ ಇಲ್ಲ. ಬರಿ ಅಲ್ಯೂಮಿನಿಯಂ ಮೇಲೆ ನೇರವಾಗಿ ಕ್ಲಿಯರ್ ಕೋಟ್. ಹತ್ತಿರದಿಂದ ನೋಡಿದರೆ ಹಳೇ ಗ್ರಾಮಫೋನ್ ಪ್ಲೇಟಿನಲ್ಲಿರುವ ಹಾಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಒಂದು ಕಲ್ಲು ಸಿಡಿದು ಕೋಟ್ ಚೂರು ಹಾರಿದರೂ ಸಾಕು, ಅಲ್ಲಿಂದ ನೀರು ಕೋಟಿನ ಅಡಿಗೆ ನುಸುಳುತ್ತದೆ. ಆಮೇಲೆ ಒಳಗಡೆ ಬಿಳಿ ಹುಳು ಹರಿದಂಥ ಗೆರೆಗಳು ಹಬ್ಬುತ್ತವೆ. ಇದು ಮೇಲಿನ ಕೊಳೆ ಅಲ್ಲ, ಯಾವ ಕ್ಲೀನರ್‌ಗೂ ಹೋಗುವುದಿಲ್ಲ.

ಹಳೆ ಕಾರು ಅಥವಾ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಅಲಾಯ್ ಆದರೆ ಕೋಟ್ ಇದೆಯೋ ಇಲ್ಲವೋ ಅನುಮಾನ ಇರುತ್ತದೆ. ಪರೀಕ್ಷೆ ಸುಲಭ. ಕಾಣದ ಮೂಲೆಯೊಂದನ್ನು ತೊಳೆದು ಒಣಗಿಸಿ. ಬಿಳಿ ಬಟ್ಟೆಗೆ ಮೆಟಲ್ ಪಾಲಿಷ್ ಒಂದು ಹನಿ ಹಚ್ಚಿ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿ ಅಲ್ಯೂಮಿನಿಯಂ. ಕಪ್ಪಾಗದಿದ್ದರೆ ಮೇಲೆ ಕೋಟ್ ಇದೆ. ಬರಿ ಲೋಹದ ಚಕ್ರವಾದರೆ ಮುಂದೆ ಹೇಳುವ ಯಾವ ದ್ರವವನ್ನೂ ಮೊದಲು ಒಂದು ಮೂಲೆಯಲ್ಲಿ ಹಾಕಿ ನೋಡಿ, ಆಮೇಲೆ ಪೂರ್ತಿ ಬಳಸಿ.

ಮೂರು ಬಾಟಲಿ, ಮೂರು ಕೆಲಸ

ಮೊದಲನೆಯದು ಕಾರ್ ಶಾಂಪೂ. ಪಿಎಚ್ ಸುಮಾರು 7, ಅಂದರೆ ಆಸಿಡ್ ಗುಣವೂ ಇಲ್ಲ, ಕ್ಷಾರ ಗುಣವೂ ಇಲ್ಲ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ತೊಳೆಯುವವರಿಗೆ ಹೆಚ್ಚಾಗಿ ಇದೊಂದೇ ಸಾಕು. ಧೂಳು ಇನ್ನೂ ಸಡಿಲವಾಗಿರುವಾಗಲೇ ಹೋಗುತ್ತದೆ.

ಎರಡನೆಯದು ಐರನ್ ರಿಮೂವರ್. ಇದರಲ್ಲಿ ಕೆಲಸ ಮಾಡುವುದು ಥಯೋಗ್ಲೈಕೋಲೇಟ್ ಎಂಬ ಗುಂಪಿನ ರಾಸಾಯನಿಕ. ಇದೇ ಗುಂಪಿನದು ಕೂದಲು ತೆಗೆಯುವ ಕ್ರೀಮಿನಲ್ಲೂ ಇರುತ್ತದೆ, ಆದ್ದರಿಂದಲೇ ಎರಡಕ್ಕೂ ಒಂದೇ ಥರದ ಕೊಳೆತ ಮೊಟ್ಟೆ ವಾಸನೆ. ಇದು ಕಬ್ಬಿಣವನ್ನು ಹುಡುಕಿ ಹಿಡಿದುಕೊಂಡು ನೀರಲ್ಲಿ ಕರಗುವ ಹಾಗೆ ಮಾಡುತ್ತದೆ. ಹಾಗೆ ಹಿಡಿದಾಗ ಬಣ್ಣ ನೇರಳೆಗೆ ತಿರುಗುತ್ತದೆ. ಒಳ್ಳೆಯ ಐರನ್ ರಿಮೂವರ್‌ನ ಪಿಎಚ್ ಕೂಡ 7ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಇದಕ್ಕೆ ಬೇಕಿರುವುದು ಕಬ್ಬಿಣ. ಕ್ಲಿಯರ್ ಕೋಟಿನ ತಂಟೆಗೆ ಹೋಗುವುದಿಲ್ಲ.

ಮೂರನೆಯದು ಆಸಿಡ್. ವಾಟರ್ ಸರ್ವಿಸ್‌ಗಳಲ್ಲಿ ಲೇಬಲ್ ಇಲ್ಲದ ಕ್ಯಾನಿನಲ್ಲಿ ಇಟ್ಟಿರುತ್ತಾರೆ. ಮನೆಯಲ್ಲಾದರೆ ಬಚ್ಚಲಮನೆಯ ಟೈಲ್ಸ್ ತೊಳೆಯುವ ಆಸಿಡ್ಡು ಅಥವಾ ಟಾಯ್ಲೆಟ್ ಕ್ಲೀನರ್. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸುಮಾರು 10% ಹೈಡ್ರೋಕ್ಲೋರಿಕ್ ಆಸಿಡ್ ಇರುವುದು ಸಾಮಾನ್ಯ. ಇದು ತುಕ್ಕನ್ನು ನಿಜವಾಗಿಯೂ ಬೇಗ ಕರಗಿಸುತ್ತದೆ, ಸುಳ್ಳು ಹೇಳಬಾರದು. ಒಂದೇ ನಿಮಿಷದಲ್ಲಿ ಚಕ್ರ ಬೆಳ್ಳಗಾಗುತ್ತದೆ. ತೊಂದರೆ ಏನೆಂದರೆ ಆಸಿಡ್‌ಗೆ ತುಕ್ಕು ಯಾವುದು, ಅಲ್ಯೂಮಿನಿಯಂ ಯಾವುದು ಅಂತ ಗೊತ್ತಾಗುವುದಿಲ್ಲ. ಕೋಟಿನಲ್ಲಿ ಎಲ್ಲಿ ಗೀರು ಇದೆಯೋ ಅಲ್ಲಿ ಒಳಗಿಳಿದು ಲೋಹ ತಿನ್ನುತ್ತದೆ. ಅವತ್ತು ಏನೂ ಕಾಣುವುದಿಲ್ಲ. ಕೆಲವು ವಾರ ಕಳೆದ ಮೇಲೆ ಆ ಗೀರಿನ ಸುತ್ತ ಹಾಲು ಚೆಲ್ಲಿದಂಥ ಮಸುಕು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಯಾರೂ ಅದನ್ನು ಆಸಿಡ್ ಜೊತೆ ತಾಳೆ ಹಾಕಿ ನೋಡುವುದಿಲ್ಲ, ಕಾರಿನ ಕಂಪನಿಯನ್ನು ಬೈಯುತ್ತಾರೆ ಅಷ್ಟೆ.

ಚಕ್ರದ ಹಿಂದೆಯೂ ಆಸಿಡ್ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ. ಡಿಸ್ಕ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ವೀಲ್ ನಟ್, ಬ್ಯಾಲೆನ್ಸಿಂಗ್‌ಗೆ ಅಂಟಿಸಿದ ತೂಕಗಳು, ಎಲ್ಲಕ್ಕೂ ತಾಗುತ್ತದೆ. ಸಂದಿಗಳಲ್ಲಿ ಉಳಿದದ್ದು ನಿಧಾನಕ್ಕೆ ತುಕ್ಕು ಹಿಡಿಸುತ್ತದೆ.

ಆಸಿಡ್ ಬೇಡ ಅಂದ ಕೂಡಲೇ ಕೆಲವರು ಬಟ್ಟೆ ಸೋಪಿನ ಪುಡಿಗೋ ಒಲೆಯ ಜಿಡ್ಡು ತೆಗೆಯುವ ಕಾಸ್ಟಿಕ್ ದ್ರವಕ್ಕೋ ಹೋಗುತ್ತಾರೆ. ಅದೂ ತಪ್ಪೇ. ಅಲ್ಯೂಮಿನಿಯಂ ಆಸಿಡ್‌ಗೂ ಕರಗುತ್ತದೆ, ಗಟ್ಟಿ ಕ್ಷಾರಕ್ಕೂ ಕರಗುತ್ತದೆ. ಕಾಸ್ಟಿಕ್ ಸೋಡಾ ಇರುವ ಯಾವುದೂ ಅಲಾಯ್ ಹತ್ತಿರ ಬರಬಾರದು. ಹುಣಸೆಹಣ್ಣು, ನಿಂಬೆರಸದ ಉಪಾಯ ಹಿತ್ತಾಳೆ ದೀಪಕ್ಕೆ ಸರಿ. ಅವೂ ಆಸಿಡ್‌ಗಳೇ, ಮೇಲಾಗಿ ಕೂತ ಬ್ರೇಕ್ ಧೂಳಿಗೆ ಸಾಕಾಗುವಷ್ಟು ಶಕ್ತಿಯೂ ಇಲ್ಲ.

ಆಸಿಡ್‌ಗಳಲ್ಲಿ ಒಂದನ್ನು ಮಾತ್ರ ಬೇರೆಯಾಗಿ ಹೇಳಬೇಕು

ಕೆಲವು ವೀಲ್ ಬ್ರೈಟ್ನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅಲ್ಯೂಮಿನಿಯಂ ಮೇಲಿನ ಮಸುಕನ್ನು ಕ್ಷಣದಲ್ಲಿ ತೆಗೆಯುತ್ತದೆ ಎಂದು ಲಾರಿಗಳ ಬರಿ ಲೋಹದ ಭಾಗಗಳಿಗೆ ಇದನ್ನು ಬಳಸುವುದುಂಟು. ಹೈಡ್ರೋಕ್ಲೋರಿಕ್ ಆಸಿಡ್ ಕೈ ಮೇಲೆ ಬಿದ್ದರೆ ಉರಿ ತಕ್ಷಣ ಗೊತ್ತಾಗುತ್ತದೆ, ಓಡಿಹೋಗಿ ತೊಳೆಯುತ್ತೀರಿ. ಇದು ಹಾಗಲ್ಲ. ತೆಳು ಮಾಡಿದ ಫ್ಲೋರೈಡ್ ಆಸಿಡ್ ಬಿದ್ದರೆ ಮೊದಲು ಏನೂ ಅನ್ನಿಸದೇ ಇರಬಹುದು. ಅದು ಚರ್ಮ ದಾಟಿ ಒಳಗಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ. ನೋವು ಗಂಟೆಗಟ್ಟಲೆ ಆದ ಮೇಲೆ ಶುರುವಾಗಬಹುದು. ಜಾಸ್ತಿ ಒಳಗೆ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ.

ಇಂಥದ್ದು ತಾಗಿದ ಅನುಮಾನ ಬಂದರೂ ಸಾಕು, ತಾಗಿದ ಬಟ್ಟೆ ತೆಗೆದುಹಾಕಿ ನಲ್ಲಿ ನೀರಿನಲ್ಲಿ ತೊಳೆಯಲು ಶುರುಮಾಡಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನೋ ಅದರ ಲೇಬಲ್ ಫೋಟೋವನ್ನೋ ಜೊತೆಗೆ ಒಯ್ಯಿರಿ. ಇದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಂಬ ಬೇರೆಯದೇ ಚಿಕಿತ್ಸೆ ಇದೆ. ಡಾಕ್ಟರಿಗೆ "ಫ್ಲೋರೈಡ್ ಆಸಿಡ್" ಎಂಬ ಮಾತು ತಲುಪದಿದ್ದರೆ ಮಾಮೂಲಿ ಸುಟ್ಟಗಾಯ ಎಂದುಕೊಳ್ಳುವ ಅಪಾಯ ಇದೆ. ಲೇಬಲ್ ಮೇಲೆ ಫ್ಲೋರೈಡ್, ಬೈಫ್ಲೋರೈಡ್ ಎಂದು ಕಂಡರೆ ಅಂಗಡಿಯಲ್ಲೇ ವಾಪಸ್ ಇಟ್ಟುಬಿಡಿ.

ಒಂದು ಕಾರು ತೊಳೆಯೋಣ

16 ಇಂಚಿನ ಡೈಮಂಡ್ ಕಟ್ ಅಲಾಯ್ ಅಂದುಕೊಳ್ಳಿ. ಘಾಟಿ ಇಳಿದು ಬಂದಿದೆ, ಆಮೇಲೆ ಎರಡು ತಿಂಗಳು ಬರಿ ನೀರು ಬಿಟ್ಟಿದ್ದಾರೆ. ಮುಖದ ಮೇಲೆ ಕಂದು ಪದರ, ಕಡ್ಡಿಗಳ ಮೂಲೆಯಲ್ಲಿ ಕಿತ್ತಳೆ ಚುಕ್ಕೆ, ನಟ್‌ಗಳ ಗುಳಿಯಲ್ಲಿ ಕಪ್ಪು.

ಬೇಕಾದದ್ದು: ಎರಡು ಬಕೆಟ್, ಶಾಂಪೂ, ಐರನ್ ರಿಮೂವರ್, ಮೆತ್ತನೆ ಕೂದಲಿನ ಒಂದು ದೊಡ್ಡ ಬ್ರಷ್, ನಟ್ ಗುಳಿಗೆ ಹಳೇ ಪೇಂಟ್ ಬ್ರಷ್, ಎರಡು ಮೈಕ್ರೋಫೈಬರ್ ಬಟ್ಟೆ, ನೈಟ್ರೈಲ್ ಗ್ಲೌಸ್, ಕನ್ನಡಕ. ಚಕ್ರಕ್ಕೆ ಬಳಸಿದ ಬಟ್ಟೆಯನ್ನು ಕಾರಿನ ಬಾಡಿ ಮೇಲೆ ಬಳಸಬೇಡಿ. ಅದರಲ್ಲಿ ಸಿಕ್ಕಿಕೊಂಡ ಕಬ್ಬಿಣದ ಚೂರು ಬಾನೆಟ್ ಮೇಲೆ ಗೀರು ಎಳೆಯುತ್ತದೆ. ಪಾತ್ರೆ ತಿಕ್ಕುವ ಹಸಿರು ನಾರು, ಸ್ಟೀಲ್ ಜುಂಗು ಎರಡೂ ಬೇಡ.

ಮೊದಲು ಚಕ್ರ ತಣ್ಣಗಾಗಲಿ. ಅಂಗೈ ಇಟ್ಟರೆ ಬೆಚ್ಚಗೂ ಇರಬಾರದು. ಓಡಿಸಿ ಬಂದ ತಕ್ಷಣ ತೊಳೆದರೆ ದ್ರವ ಕೆಲಸ ಮಾಡುವ ಮೊದಲೇ ಒಣಗಿ ಕಲೆ ಕೂರುತ್ತದೆ. ಬಿಸಿ ಡಿಸ್ಕಿಗೆ ತಣ್ಣೀರು ಬೀಳುವುದೂ ಒಳ್ಳೆಯದಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ, ನೆರಳಿನಲ್ಲಿ ಶುರುಮಾಡಿ. ಒಂದು ಚಕ್ರ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ.

ಒಣಗಿದ ಧೂಳನ್ನು ಒಣಬಟ್ಟೆಯಲ್ಲಿ ಒರೆಸಬೇಡಿ, ಗಾಳಿ ಹೊಡೆದು ಹಾರಿಸಲೂಬೇಡಿ. ಗೀರು ಬೀಳುವುದು ಒಂದು ಕಡೆ, ಆ ಪುಡಿ ಉಸಿರಿಗೆ ಹೋಗುವುದು ಇನ್ನೊಂದು. ಪೈಪಿನಿಂದ ಚೆನ್ನಾಗಿ ನೀರು ಬಿಡಿ: ಮುಖಕ್ಕೆ, ಕಡ್ಡಿಗಳ ಸಂದಿಯಿಂದ ಚಕ್ರದ ಒಳಸುತ್ತಾದ ಬ್ಯಾರೆಲ್‌ಗೆ, ಮೇಲೆ ಮಡ್‌ಗಾರ್ಡ್ ಒಳಗೆ. ಪ್ರೆಷರ್ ವಾಷರ್ ಇದ್ದರೆ ಒಂದಡಿಯಷ್ಟಾದರೂ ದೂರ ಹಿಡಿಯಿರಿ. ಕೋಟ್ ಎದ್ದ ಜಾಗಕ್ಕೆ ಹತ್ತಿರದಿಂದ ಹೊಡೆದರೆ ಇನ್ನಷ್ಟು ಎದ್ದು ಬರುತ್ತದೆ.

ಈಗ ಶಾಂಪೂ. ಬಾಟಲಿ ಮೇಲೆ ಬರೆದ ಅಳತೆಯಷ್ಟೇ ಸಾಕು, ಜಾಸ್ತಿ ಹಾಕಿದರೆ ಜಾಸ್ತಿ ಬೆಳ್ಳಗಾಗುವುದಿಲ್ಲ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು. ಬ್ರಷ್ಷನ್ನು ಶಾಂಪೂವಿನಲ್ಲಿ ಅದ್ದಿ ಉಜ್ಜಿ, ಬರಿ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ ಅದ್ದಿ. ಮೊದಲ ಚಕ್ರ ಮುಗಿಯುವಾಗ ಬರಿ ನೀರಿನ ಬಕೆಟ್‌ನ ತಳ ನೋಡಿದರೆ ಕಪ್ಪು ಮರಳಿನಂಥದ್ದು ಕೂತಿರುತ್ತದೆ. ಎರಡನೇ ಬಕೆಟ್ ಯಾಕೆ ಅಂತ ಆಗ ಗೊತ್ತಾಗುತ್ತದೆ. ತೊಳೆದು ಬಿಟ್ಟರೆ ನಮ್ಮ ಈ ಚಕ್ರದಲ್ಲಿ ಕಂದು ಪದರ ಹೋಗಿರುತ್ತದೆ. ಕಿತ್ತಳೆ ಚುಕ್ಕೆ ಮತ್ತು ತರಿ ಮಾತ್ರ ಉಳಿದಿರುತ್ತದೆ.

ಅದಕ್ಕೆ ಐರನ್ ರಿಮೂವರ್. ಮೊದಲು ಬಟ್ಟೆಯಲ್ಲಿ ನೀರು ಒತ್ತಿ ತೆಗೆಯಿರಿ, ಇಲ್ಲದಿದ್ದರೆ ದ್ರವ ತೆಳುವಾಗಿ ಹರಿದುಹೋಗುತ್ತದೆ. ಗ್ಲೌಸ್ ಹಾಕಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಸ್ಪ್ರೇ ಮಾಡಿ. 16 ಇಂಚಿನ ಚಕ್ರಕ್ಕೆ 25ರಿಂದ 30 ಎಂಎಲ್ ಸಾಕು. ಅರ್ಧ ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಮೊದಲು ನಟ್ ಗುಳಿಗಳಲ್ಲಿ, ನಂತರ ಕಡ್ಡಿಗಳ ಅಂಚಿನಲ್ಲಿ ಕೆನ್ನೇರಳೆ ಗೆರೆಗಳು ಮೂಡಿ ಕೆಳಗಿಳಿಯುತ್ತವೆ. ಎರಡು ನಿಮಿಷ ಬಿಟ್ಟು ಮೆತ್ತನೆ ಬ್ರಷ್ಷಿನಲ್ಲಿ ಒಮ್ಮೆ ಆಡಿಸಿ, ಇನ್ನೆರಡು ನಿಮಿಷ ಬಿಡಿ. ಒಟ್ಟು ಸಮಯಕ್ಕೆ ಬಾಟಲಿಯ ಮಾತೇ ಕೊನೆ ಮಾತು. ಸಾಮಾನ್ಯವಾಗಿ 3ರಿಂದ 5 ನಿಮಿಷ ಇರುತ್ತದೆ. ಮಧ್ಯೆ ಒಣಗುವ ಹಾಗೆ ಕಂಡರೆ ಟೈಮ್ ನೋಡಬೇಡಿ, ತಕ್ಷಣ ನೀರು ಬಿಡಿ.

ತೊಳೆಯುವಾಗ ಅವಸರ ಬೇಡ. ಬ್ಯಾರೆಲ್ ಒಳಗೆ, ಕಡ್ಡಿಗಳ ಹಿಂಭಾಗಕ್ಕೆ, ಡಿಸ್ಕ್ ಮೇಲೆ, ಎಲ್ಲ ಕಡೆ ನೀರು ಹೋಗಲಿ. ಹರಿಯುವ ನೀರಿನಲ್ಲಿ ನೇರಳೆ ಬಣ್ಣ ಪೂರ್ತಿ ಹೋಗಬೇಕು. ಸಿಮೆಂಟ್ ನೆಲವನ್ನೂ ತೊಳೆದುಬಿಡಿ, ಇಲ್ಲದಿದ್ದರೆ ಅಲ್ಲಿ ಕಲೆ ಉಳಿಯುತ್ತದೆ. ಗಿಡಗಳ ಬುಡಕ್ಕೆ, ಬಾವಿ ಕಡೆಗೆ ಈ ನೀರು ಹರಿಯದ ಜಾಗದಲ್ಲೇ ತೊಳೆಯುವುದು ಒಳ್ಳೆಯದು.

ಈಗ ಕಣ್ಣಿಗಿಂತ ಕೈಯನ್ನು ನಂಬಿ. ಬೆರಳಾಡಿಸಿದಾಗ ತರಿ ಇನ್ನೂ ಇದ್ದರೆ ಇನ್ನೊಂದು ಸುತ್ತು ಮಾಡಿ. ಎರಡನೇ ಸಲ ನೇರಳೆ ಬಣ್ಣ ತುಂಬ ಕಡಿಮೆ ಬರುತ್ತದೆ. ಬರದೇ ಇದ್ದರೆ ಅಲ್ಲಿ ಕರಗಿಸಲು ಕಬ್ಬಿಣ ಉಳಿದಿಲ್ಲ ಎಂದರ್ಥ. ಆಗಲೂ ಕಪ್ಪು ಚುಕ್ಕೆ ಇದ್ದರೆ ಅದು ಟಾರ್, ಅದಕ್ಕೆ ಟಾರ್ ರಿಮೂವರ್ ಬೇಕು. ಕಿತ್ತಳೆ ಬಣ್ಣ ಹೋಗಿ ಸಣ್ಣ ಗುಳಿ ಉಳಿದಿದ್ದರೆ ಕೋಟ್ ಅಲ್ಲಿ ಆಗಲೇ ಸುಟ್ಟಿದೆ. ಅದಕ್ಕೆ ಇನ್ನೂ ಗಟ್ಟಿಯಾದ ದ್ರವ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ, ಇಲ್ಲಿಗೇ ನಿಲ್ಲಿಸಿ. ನನ್ನ ಮಟ್ಟಿಗೆ ನೂರಕ್ಕೆ ತೊಂಬತ್ತು ಕ್ಲೀನ್ ಆದ, ಕೋಟ್ ಉಳಿದಿರುವ ಚಕ್ರವೇ ಒಳ್ಳೆಯದು.

ಬೋರ್‌ವೆಲ್ ನೀರಾದರೆ ಹಾಗೇ ಒಣಗಲು ಬಿಡಬೇಡಿ. ಗಡಸು ನೀರಿನ ಬಿಳಿ ಕಲೆ ಕೂರುತ್ತದೆ, ಆಮೇಲೆ ಅದನ್ನು ತೆಗೆಯಲು ಇನ್ನೊಂದು ಒದ್ದಾಟ. ಬಟ್ಟೆಯಿಂದ ಒರೆಸಿ, ನಟ್ ಗುಳಿಯ ನೀರನ್ನೂ ತೆಗೆಯಿರಿ. ಆಮೇಲೆ ಕಾರನ್ನು ರಸ್ತೆಯಲ್ಲಿ ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ ಮೆಲ್ಲಗೆ ಕೆಲವು ಸಲ ಬ್ರೇಕ್ ಒತ್ತಿ. ಒದ್ದೆ ಡಿಸ್ಕ್ ಮೊದಲ ಬ್ರೇಕಿಗೆ ಸ್ವಲ್ಪ ಜಾರುತ್ತದೆ. ಮಾರನೇ ದಿನ ಡಿಸ್ಕ್ ಮೇಲೆ ತೆಳು ತುಕ್ಕು ಕಂಡರೆ ಗಾಬರಿ ಬೇಡ, ಓಡಿಸಿದರೆ ಹೋಗುತ್ತದೆ.

ಪೂರ್ತಿ ಒಣಗಿದ ಮೇಲೆ ವೀಲ್ ಸೀಲಂಟ್ ಅಥವಾ ವ್ಯಾಕ್ಸ್ ಹಚ್ಚಿದರೆ ಮುಂದಿನ ಧೂಳು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಡಿಸ್ಕ್ ಮತ್ತು ಪ್ಯಾಡ್‌ಗೆ ಮಾತ್ರ ಒಂದು ಹನಿಯೂ ತಾಗಬಾರದು. ಸ್ಪ್ರೇ ಮಾಡಬೇಡಿ, ಬಟ್ಟೆಗೆ ಹಾಕಿಕೊಂಡು ಹಚ್ಚಿ. ಐರನ್ ರಿಮೂವರ್ ಪ್ರತಿ ಸಲ ಬೇಡ. ನಗರದಲ್ಲಿ ಓಡುವ ಕಾರಿಗೆ ಮೂರು ತಿಂಗಳಿಗೊಮ್ಮೆ, ಘಾಟಿ ಪ್ರಯಾಣ ಆದ ಮೇಲೆ ಒಮ್ಮೆ. ಉಳಿದ ದಿನ ಶಾಂಪೂ ಸಾಕು.

ವಾಟರ್ ಸರ್ವಿಸ್‌ಗೆ ಕೊಡುವವರಿಗೆ

ಕೇಳಲು ಸಂಕೋಚ ಬೇಡ. "ಅಣ್ಣಾ, ವೀಲ್‌ಗೆ ಏನ್ ಹಾಕ್ತೀರಾ? ಬಾಟ್ಲಿ ತೋರಿಸಿ" ಅಂದರೆ ಹೆಚ್ಚಿನವರು ತೋರಿಸುತ್ತಾರೆ. ಲೇಬಲ್ ಇಲ್ಲದ ಕ್ಯಾನ್ ಆದರೆ ಒಂದು ಹನಿ ಸಿಮೆಂಟ್ ನೆಲದ ಮೇಲೆ ಬಿಡಲು ಹೇಳಿ. ಬುಸ್ ಎಂದು ಗುಳ್ಳೆ ಎದ್ದರೆ ಅದು ಆಸಿಡ್. ಗುಳ್ಳೆ ಏಳಲಿಲ್ಲ ಎಂದ ಮಾತ್ರಕ್ಕೆ ಅದು ಸೇಫ್ ಅಲ್ಲ. ಫ್ಲೋರೈಡ್ ಇರುವ ದ್ರವಗಳು ಈ ಪರೀಕ್ಷೆಯಲ್ಲಿ ಸುಮ್ನೆ ಇರಬಹುದು. ಅನುಮಾನ ಇದ್ದರೆ "ಚಕ್ರಕ್ಕೆ ಬರಿ ಶಾಂಪೂ ಹಾಕಿ, ಬೇರೆ ಏನೂ ಬೇಡ" ಎನ್ನಿ. ಉಳಿದದ್ದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು.

ಆಗಲೇ ಆಸಿಡ್ ಹಾಕಿಬಿಟ್ಟಿದ್ದರೆ ಮಾಡಬೇಕಾದದ್ದು ನೀರು, ಇನ್ನಷ್ಟು ನೀರು. ಐದು ನಿಮಿಷ ಬಿಡದೆ ಹರಿಸಿ. ಆಮೇಲೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ ಚಕ್ರದ ಮೇಲೆ ಹಾಕಿ ಮತ್ತೆ ತೊಳೆಯಿರಿ. ಸಂದಿಗಳಲ್ಲಿ ಉಳಿದ ಆಸಿಡ್‌ನ ಶಕ್ತಿ ಅಡಗುತ್ತದೆ. ಆಸಿಡ್ ಇದ್ದ ಚಕ್ರದ ಮೇಲೆ ಬ್ಲೀಚ್ ಅಥವಾ ಐರನ್ ರಿಮೂವರ್ ಹಾಕಲೇಬೇಡಿ. ಆಸಿಡ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಐರನ್ ರಿಮೂವರ್ ಸೇರಿದರೂ ಕೆಟ್ಟ ಅನಿಲ ಏಳಬಹುದು. ಚಕ್ರ ಹಾಲಿನಂತೆ ಮಸುಕಾಗಿದ್ದರೆ ಪಾಲಿಷ್‌ನಿಂದ ಸರಿಹೋಗುವುದು ಅಪರೂಪ. ಕೋಟ್ ತೆಗೆದು ಮತ್ತೆ ಬಣ್ಣ ಮಾಡಿಸಬೇಕು. ಡೈಮಂಡ್ ಕಟ್ ಆದರೆ ಮತ್ತೆ ಲೇತ್‌ಗೆ ಹಾಕಬೇಕು. ಪ್ರತಿ ಸಲ ಲೇತ್‌ಗೆ ಹಾಕಿದಾಗಲೂ ಲೋಹ ಸ್ವಲ್ಪ ತೆಳುವಾಗುತ್ತದೆ, ಹಾಗಾಗಿ ಅದನ್ನು ಬೇಕಾದಷ್ಟು ಸಲ ಮಾಡಿಸಲು ಆಗುವುದಿಲ್ಲ.

ಇನ್ನೊಂದು ವಿಷಯ. ತೊಳೆಯುವಾಗ ಎಡ ಮುಂದಿನ ಚಕ್ರ ಮತ್ತು ಬಲ ಮುಂದಿನ ಚಕ್ರವನ್ನು ಹೋಲಿಸಿ ನೋಡಿ. ಎರಡರಲ್ಲೂ ಧೂಳು ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಒಂದರಲ್ಲಿ ಮಾತ್ರ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಓಡಿಸಿ ಬಂದಾಗ ಆ ಚಕ್ರದ ಹತ್ತಿರ ಬಿಸಿಯೂ ಜಾಸ್ತಿ ಬಡಿದರೆ, ಆ ಕಡೆಯ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಅದನ್ನು ತೊಳೆದು ಪ್ರಯೋಜನವಿಲ್ಲ, ಗ್ಯಾರೇಜಿಗೆ ಒಯ್ದು ಸ್ಲೈಡ್ ಪಿನ್ ಬಿಚ್ಚಿ ಕ್ಲೀನ್ ಮಾಡಿ ಗ್ರೀಸ್ ಹಾಕಿಸಿ, ಪ್ಯಾಡ್ ಎಷ್ಟು ಉಳಿದಿದೆ ಅಂತಲೂ ನೋಡಿಸಿ.